ಡ್ರೈವರ್ ಇಟ್ಕೊಳ್ಳೋ ಮುಂಚೆ ಹಳೇ ಮಾಲೀಕರಿಗೆ ಏನು ಕೇಳಬೇಕು

ಕಾಲುವೆಗೆ ನೀರು ಬಿಡೋ ಕಾಲ ಹತ್ರ ಬಂತು ಅಂದ್ರೆ ನಮ್ಮ ಕಡೆ ಎಲ್ಲರೂ ಹುಡುಕೋದು ಒಂದೇ, ಟ್ರ್ಯಾಕ್ಟರ್ ಡ್ರೈವರ್. ಸ್ವಂತ ಮಕ್ಕಳು ಓದಿ ಬೆಂಗಳೂರು ಸೇರ್ಯಾರ, ನಮಗೆ ಐವತ್ತು ದಾಟಿದ ಮೇಲೆ ರಾತ್ರಿಯೆಲ್ಲಾ ಕೆಸರಿನಾಗ ಗಾಡಿ ಹೊಡಿಯೋ ಸೊಂಟ ಉಳಿದಿಲ್ಲ. ಹೊಸ ಮನುಷ್ಯ ಬರ್ತಾನೆ, "ಅವರ ಹತ್ರ ಇದ್ದೆ, ಇವರ ಹತ್ರ ಇದ್ದೆ, ಬೇಕಾದ್ರೆ ಕೇಳ್ರಿ" ಅಂತಾನೆ. ನಾವು ಒಂದು ಫೋನ್ ಮಾಡ್ತೀವಿ. "ಹೆಂಗ ಅದಾನ್ರೀ ಮನುಷ್ಯ?" "ಚಲೋ ಅದಾನ್ರೀ." ಮುಗೀತು, ಏಳೆಂಟು ಲಕ್ಷದ ಗಾಡಿಯ ಕೀಲಿ ಅವನ ಕೈಗೆ ಕೊಟ್ಟುಬಿಡ್ತೀವಿ.

"ಹೆಂಗ ಅದಾನ" ಅನ್ನೋದು ಕೇಳೋ ಪ್ರಶ್ನೆನೇ ಅಲ್ಲ ಅಂತ ನನ್ನ ಅಭಿಪ್ರಾಯ. ಅದಕ್ಕೆ "ಚಲೋ ಅದಾನ" ಬಿಟ್ಟು ಬೇರೆ ಉತ್ತರ ಯಾರೂ ಕೊಡೋದಿಲ್ಲ. ಒಬ್ಬ ಬಡವನ ಅನ್ನದ ಮೇಲೆ ಕಲ್ಲು ಹಾಕಿದೆ ಅನ್ನಿಸ್ಕೊಳ್ಳಾಕ ಯಾರಿಗೆ ಮನಸ್ಸು ಬರ್ತದೆ? ನಾಳೆ ಸಂತ್ಯಾಗ ಅವನ ಅಣ್ಣ ತಮ್ಮಂದಿರು ಎದುರಿಗೆ ಸಿಗ್ತಾರೆ. ಅದಕ್ಕೆ ಮಂದಿ ಸುಳ್ಳು ಹೇಳೋದಿಲ್ಲ, ಆದ್ರೆ ಪೂರ್ತಿನೂ ಹೇಳೋದಿಲ್ಲ. ಕಳೆದ ವರ್ಷ ಮುಂಗಾರಿನ ಮುಂಚೆ ನಾನು ಒಬ್ಬ ಡ್ರೈವರ್ ಬಗ್ಗೆ ವಿಚಾರಿಸಿದ್ದು ಹೆಂಗೆ ಅನ್ನೋದನ್ನ ಬರೀತೀನಿ. ಹೆಸರು ಯಾರದೂ ಹಾಕೋದಿಲ್ಲ.

ಹುಡುಗ ಅನ್ನೋ ಹಂಗಿಲ್ಲ, ಮೂವತ್ತೆಂಟು ವರ್ಷದವ. ಹೆಂಡ್ತಿ, ಎರಡು ಹೆಣ್ಣುಮಕ್ಕಳು. ತಿಂಗಳಿಗೆ 15,000 ಕೇಳಿದ. ಇಬ್ಬರು ಮಾಲೀಕರ ಹೆಸರು, ನಂಬರ್ ಕೊಟ್ಟ. ನಾನು ಫೋನ್ ಹಚ್ಚೋ ಮುಂಚೆ ಅವನನ್ನೇ ಕೂರಿಸಿ ಚಹಾ ಕೊಟ್ಟು ಕೇಳಿದೆ. ಯಾವ ವರ್ಷ ಎಲ್ಲಿದ್ದೆ ಅಂತ ಕೇಳಿದ್ರೆ ನಮ್ಮ ಮಂದಿಗೆ ಇಸವಿ ನೆನಪಿರೋದಿಲ್ಲ, ಏನೋ ಒಂದು ಹೇಳ್ತಾರೆ. ಹಂಗಾಗಿ ನಾನು ಎಲ್ಲರಿಗೂ ನೆನಪಿರೋ ಸಂಗತಿ ಹಿಡಿದು ಕೇಳ್ತೀನಿ. ಕೊರೋನಾ ಲಾಕ್‌ಡೌನ್ ಆದಾಗ ಯಾರ ಹತ್ರ ಇದ್ದೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡೀತಲ್ಲ, ಆ ಸುದ್ದಿ ಕೇಳಿದಾಗ ಯಾರ ಹೊಲದಾಗ ಇದ್ದೆ? ಆ ದಿನ ನಮ್ಮ ಸೀಮೆಯಾಗ ಯಾರಿಗೂ ಮರೆಯೋದಿಲ್ಲ. ಬೆಳೆ ಹೋಯ್ತು ಅಂತ ಎಲ್ಲರೂ ತಲೆ ಮೇಲೆ ಕೈ ಹೊತ್ತು ಕೂತಿದ್ವಿ.

ಈ ಪ್ರಶ್ನೆಗೆ ಅವನು ಸ್ವಲ್ಪ ತಡೆದ. "ಅವಾಗ ಮನ್ಯಾಗ ಇದ್ದೆನ್ರಿ ಅಣ್ಣಾರ" ಅಂದ. ಭತ್ತಕ್ಕೆ ನೀರು ಹರಿಯೋ ಆಗಸ್ಟ್ ತಿಂಗಳಾಗ ಕೆಲಸ ಬರೋ ಡ್ರೈವರ್ ಮನ್ಯಾಗ ಕೂರ್ತಾನಾ? ನಾನು ಏನೂ ಅನ್ನಲಿಲ್ಲ, ಮನಸ್ಸಿನಾಗ ಇಟ್ಕೊಂಡೆ. ಇಬ್ಬರಿಗೂ ಫೋನ್ ಮಾಡ್ಲಾ ಅಂತ ಅವನ ಒಪ್ಪಿಗೆ ಕೇಳಿದೆ. ಇದು ಮುಖ್ಯ. ಇನ್ನೂ ಒಬ್ಬರ ಹತ್ರ ಕೆಲಸದಲ್ಲಿರೋ ಮನುಷ್ಯನ ಬಗ್ಗೆ ಅವನಿಗೆ ತಿಳಿಸದೆ ಆ ಮಾಲೀಕರಿಗೇ ಫೋನ್ ಮಾಡಿದ್ರೆ, ನಾವು ಇಟ್ಕೊಳ್ಳಲಿ ಬಿಡಲಿ, ಅವನ ಇದ್ದ ಕೆಲಸ ಹೋಗ್ತದೆ.

ಲೈಸೆನ್ಸ್ ನೋಡೋದು ಎರಡು ನಿಮಿಷದ ಕೆಲಸ. ನಮ್ಮ ಕೊಪ್ಪಳದ್ದಾದ್ರೆ ನಂಬರ್ KA37 ಅಂತ ಶುರುವಾಗ್ತದೆ, ಅದರ ಮುಂದಿನ ನಾಲ್ಕು ಅಂಕಿ ಮೊದಲು ಕೊಟ್ಟ ವರ್ಷ. ಇಪ್ಪತ್ತು ವರ್ಷದಿಂದ ಗಾಡಿ ಹೊಡೀತೀನಿ ಅನ್ನೋನ ಕಾರ್ಡಿನಾಗ 2022 ಅಂತ ಇದ್ರೆ ಮಧ್ಯದ ವರ್ಷ ಲೈಸೆನ್ಸ್ ಇಲ್ಲದೆ ಹೊಡೆದಾನೆ ಅಂತಲೇ ಅರ್ಥ. parivahan.gov.in ತೆರೆದು ಲೈಸೆನ್ಸ್ ನಂಬರ್, ಹುಟ್ಟಿದ ದಿನಾಂಕ ಹಾಕಿದ್ರೆ ಕಾರ್ಡ್ ಚಾಲ್ತಿ ಐತೋ ಇಲ್ಲೋ ತೋರಿಸ್ತದೆ. ಇವನದು ಸರಿ ಇತ್ತು. ಲೈಸೆನ್ಸ್ ಇಲ್ಲದವ ಯಾರಿಗಾದ್ರೂ ಗಾಡಿ ತಗುಲಿಸಿದ್ರೆ ಇನ್ಶೂರೆನ್ಸ್‌ನವರು ಅವರಿಗೆ ದುಡ್ಡು ಕೊಟ್ಟರೂ ಆಮೇಲೆ ಮಾಲೀಕನಿಂದ ವಸೂಲಿ ಮಾಡಬಹುದು. ಹೊಲ ಹೋಗ್ತದೆ ಅಷ್ಟೇ.

ಈಗ ಫೋನಿನ ಮಾತು. ಹಗಲಿನಾಗ ಮಾಡಬ್ಯಾಡ್ರಿ. ಹಗಲಿನಾಗ ಮಾಲೀಕ ಹೊಲದಾಗ ನಾಲ್ಕು ಮಂದಿ ಮಧ್ಯ ಇರ್ತಾನೆ, ಅವರಾಗ ಆ ಡ್ರೈವರನ ಷಡ್ಡಕನೂ ಇರಬಹುದು. ರಾತ್ರಿ ಊಟ ಆದ ಮೇಲೆ ಮಾಡ್ರಿ. ಇನ್ನೊಂದು, ಆ ನಂಬರ್ ಖರೇವಂದ್ರೂ ಮಾಲೀಕನದೇನಾ ಅಂತ ನೋಡ್ಕೊಳ್ರಿ. ನಾನು ಮೊದಲು ಕೇಳೋದು "ನಿಮ್ಮ ಗಾಡಿ ಯಾವ್ದ್ರಿ, ಎಷ್ಟು ಎಚ್‌ಪಿ, ಎಷ್ಟು ವರ್ಷ ಆತು?" ಅಂತ. ಸ್ವಂತ ಟ್ರ್ಯಾಕ್ಟರ್ ಇದ್ದ ರೈತ ಈ ಪ್ರಶ್ನೆಗೆ ಹತ್ತು ನಿಮಿಷ ಮಾತಾಡ್ತಾನೆ, ಸಾಲದ ಕಂತಿನ ಕಥಿನೂ ಹೇಳ್ತಾನೆ. ಗೆಳೆಯನ್ನೇ ಮಾಲೀಕ ಅಂತ ನಿಲ್ಲಿಸಿದ್ರೆ ಅಲ್ಲೇ ತೊದಲ್ತಾನೆ.

ಮೊದಲು ಇತ್ತೀಚಿನ ಮಾಲೀಕರಿಗೆ ಹಚ್ಚಿದೆ, ಸಿಂಧನೂರು ಕಡೆಯವರು. ನಾನು ಹೆಸರು ಹೇಳೋದೇ ತಡ, "ಅಯ್ಯೋ ಅವನಂಥ ಡ್ರೈವರ್ ಸಿಗೋದಿಲ್ಲ ಸಾಹುಕಾರ್ರೆ, ನಾಳೆನೇ ಕರ್ಕೊಂಡು ಹೋಗ್ರಿ" ಅಂದ್ರು. ಅಂಥ ಡ್ರೈವರನ್ನ ನಾಟಿ ಮುಂದಿರುವಾಗ ನಾಳೆನೇ ಯಾಕ ಕಳಿಸ್ತೀರಿ? ನಾನು ಇದನ್ನ ಹಂಗೇ ಕೇಳಲಿಲ್ಲ. ಯಾವ ಸುಗ್ಗಿಯಿಂದ ಯಾವ ಸುಗ್ಗಿವರೆಗೆ ಇದ್ದ ಅಂತ ಕೇಳಿದೆ. "ಈ ಸಂಕ್ರಾಂತಿಗೆ ಬಂದಾನ್ರಿ." ಅಂದ್ರೆ ಐದು ತಿಂಗಳಾಗಿತ್ತು. ಆಮೇಲೆ ಕೇಳಿದೆ, "ಮುಂಗಡ ಏನಾರ ಐತೇನ್ರಿ?" ಆವಾಗ ಧ್ವನಿ ಬದಲಾತು. 40,000 ಕೊಟ್ಟಿದ್ದರಂತೆ, ಅದರಾಗ 26,000 ಬಾಕಿ. "ಅದನ್ನ ನೀವು ಕಟ್ಟಿ ಕರ್ಕೊಂಡು ಹೋಗ್ರಿ."

ನೋಡ್ರಿ, ಹೊಗಳಿಕೆ ಅಲ್ಲಿಂದ ಬಂದಿತ್ತು. ಮುಂಗಡ ಬಾಕಿ ಇದ್ದ ಮಾಲೀಕನ ಮಾತು ಎರಡು ಥರ ಆಗ್ತದೆ. ಮನುಷ್ಯ ಬೇಡ, ದುಡ್ಡು ಬೇಕು ಅಂದ್ರೆ ಆಕಾಶಕ್ಕೆ ಏರಿಸ್ತಾನೆ. ಮನುಷ್ಯನೇ ಬೇಕು, ಬಿಟ್ಟು ಹೋಗಬಾರದು ಅಂದ್ರೆ ಪಾತಾಳಕ್ಕೆ ಇಳಿಸ್ತಾನೆ. ಎರಡರಾಗೂ ಡ್ರೈವಿಂಗ್ ವಿಷಯ ಇರೋದಿಲ್ಲ. ಅದಕ್ಕೆ ಮುಂಗಡದ ಪ್ರಶ್ನೆ ಕೇಳದೆ ಯಾವ ಮಾಲೀಕನ ಮಾತನ್ನೂ ತೂಕಕ್ಕೆ ಹಾಕಬಾರದು. (ಇನ್ನೊಂದು ಗೊತ್ತಿರಲಿ. ಮುಂಗಡ ತೀರೋವರೆಗೂ ನನ್ನ ಹತ್ರನೇ ದುಡೀಬೇಕು ಅಂತ ಕಟ್ಟಿ ಹಾಕೋದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಅಪರಾಧ. ಕೈಗಡ ಕೊಟ್ಟಿದ್ರೆ ವಸೂಲಿ ಬೇರೆ ಮಾತು, ಮನುಷ್ಯನ್ನ ಒತ್ತೆ ಇಟ್ಕೊಳ್ಳೋದು ಬೇರೆ ಮಾತು.)

ಎರಡನೆಯವರು ಕಾರಟಗಿ ಕಡೆಯ ಹಿರಿಯರು. ಅವರ ಹತ್ರ ಎರಡು ವರ್ಷ ಇದ್ದನಂತೆ, 2024ರ ಯುಗಾದಿಗೆ ಬಿಟ್ಟನಂತೆ. ಅವರಿಗೆ ಫೋನ್ ಮಾಡಿದೆ, ಆಮೇಲೆ ಮನೆಗೂ ಹೋದೆ. ಫೋನಿನಾಗ ಅವರು ಹೇಳಿದ್ದು ಇಷ್ಟೇ, "ಮನುಷ್ಯ ಒಳ್ಳೆಯವ. ಹಗಲಿಗೆ ಚಲೋ ಹೊಡೀತಾನ. ನೋಡ್ಕೊಂಡು ಇಟ್ಕೊಳ್ರಿ."

ಈ ಮೂರು ಸಣ್ಣ ಮಾತಿನಾಗ ಎಷ್ಟು ಐತಿ ನೋಡ್ರಿ. "ಮನುಷ್ಯ ಒಳ್ಳೆಯವ" ಅನ್ನೋದು ಸ್ವಭಾವದ ಮಾತು, ಕೆಲಸದ ಮಾತಲ್ಲ. ನಾವು ಕೆಲಸ ಕೇಳಿದಾಗ ಅವರು ಸ್ವಭಾವ ಹೇಳಿದ್ರೆ ಕೆಲಸದ ಬಗ್ಗೆ ಇನ್ನೊಂದು ಸಲ ಕೇಳಬೇಕು. "ಹಗಲಿಗೆ" ಅನ್ನೋ ಶಬ್ದ ಯಾರೂ ಕೇಳದೇ ತಾನಾಗೇ ಬಂತು. ನಾನು ರಾತ್ರಿ ಬಗ್ಗೆ ಕೇಳಿರಲೇ ಇಲ್ಲ. ಕೇಳದೆ ಬಂದ ಇಂಥ ಒಂದು ಗೆರೆ, "ಹಗಲಿಗೆ", "ಒಬ್ಬನೇ ಇದ್ರೆ", "ಹೊಲದಾಗ", "ನಮ್ಮ ಮಟ್ಟಿಗೆ", ಇವೇ ಹಿಡಿಯೋ ಜಾಗ. ಹೇಳೋವರಿಗೆ ಪೂರ್ತಿ ಹೇಳಾಕ ಬಾಯಿ ಬರೋದಿಲ್ಲ, ಮುಚ್ಚಿಡಾಕ ಮನಸ್ಸು ಬರೋದಿಲ್ಲ, ಹಂಗಾಗಿ ಒಂದು ಶಬ್ದ ಬಿಟ್ಟು ಸುಮ್ಮನಾಗ್ತಾರೆ.

ಆದ್ರೆ ಅಳೆದು ಮಾತಾಡಿದವರೆಲ್ಲ ಏನೋ ಮುಚ್ಚಿಡ್ತಾರೆ ಅಂತನೂ ಅಲ್ಲ. ಕೆಲವು ಹಿರಿಯರ ಮಾತೇ ಹಂಗೆ, ಸ್ವಂತ ಮಗನ್ನ ಕೇಳಿದ್ರೂ "ಅದಾನ" ಅಂತಾರೆ. ಅದನ್ನ ತಿಳ್ಕೊಳ್ಳಾಕ ನಾನು ಮಾಡೋದೇನಂದ್ರೆ, ತೊಂದ್ರೆ ಇಲ್ಲದ ಕೆಲಸದ ಬಗ್ಗೆ ಮೊದಲು ಕೇಳ್ತೀನಿ. ಅವರ ಮನೆ ಕಟ್ಟೆ ಮೇಲೆ ಕೂತು, "ಕೆಸರು ಹೊಡಿಯೋದು ಹೆಂಗ್ರಿ ಯಜಮಾನ್ರೆ?" ಅಂದೆ. ಅವರು ಚುರುಕಾದ್ರು. ಕೇಜ್ ವೀಲ್ ಹಾಕಿ ಮೂಲೆ ಬಿಡದಂಗ ಹೊಡೀತಾನೆ, ಬದುವಿಗೆ ತಾಗ್ಸೋದಿಲ್ಲ, ಗಾಡಿ ಹೂತರೆ ಆಕ್ಸಿಲೇಟರ್ ತುಳಿದು ಹೂಳೋದಿಲ್ಲ, ಇಳಿದು ನೋಡ್ತಾನೆ, ಇಂಜಿನ್ ಎಣ್ಣಿ ತಾನೇ ನೋಡ್ಕೊಂತಾನೆ. ಇಷ್ಟು ವಿವರ ಬಂತು. ಅಂದ್ರೆ ಈ ಮನುಷ್ಯರು ಮಾತಾಡಬಲ್ಲವರು. ಆಮೇಲೆ ಕೇಳಿದೆ, "ಸುಗ್ಗ್ಯಾಗ ಭತ್ತ ಮಿಲ್ಲಿಗೆ ಯಾರು ಒಯ್ತಿದ್ರು?" ಅವರು ತಂಬಾಕು ಉಗುಳಾಕ ಎದ್ದು ಹೋದ್ರು. ಬಂದು, "ಅದನ್ನ ನನ್ನ ಅಳಿಯ ಒಯ್ತಿದ್ದ" ಅಂದ್ರು.

ನಾನು ಯಾರಿಗಾದ್ರೂ ಒಂದೇ ಪ್ರಶ್ನೆ ಕಲಿಸಬೇಕು ಅಂದ್ರೆ ಇದನ್ನೇ ಕಲಿಸ್ತೀನಿ. "ಯಾವ ಕೆಲಸ ಅವನ ಕೈಗೆ ಕೊಡ್ತಿರಲಿಲ್ಲ?" ಅಂತ ಕೇಳ್ರಿ. ತಪ್ಪೇನು ಅಂತ ಕೇಳಿದ್ರೆ ಚಾಡಿ ಹೇಳಿದಂಗ ಆಗ್ತದೆ, ಯಾರೂ ಹೇಳೋದಿಲ್ಲ. ಕೆಲಸ ಹೆಂಗ ಹಂಚಿದ್ರಿ ಅಂದ್ರೆ ಎಲ್ಲರೂ ಹೇಳ್ತಾರೆ. ಕೊನೆಗೆ "ಈ ಮುಂಗಾರಿಗೆ ನಿಮಗೇ ಡ್ರೈವರ್ ಬೇಕಾದ್ರೆ ಇವನ್ನ ಮತ್ತೆ ಕರೀತೀರಾ?" ಅಂತ ಕೇಳಿ ಸುಮ್ಮನೆ ಕೂರಬೇಕು. ನಾವೇ ಮಾತು ತುಂಬಬಾರದು. ಹಿರಿಯರು ಸ್ವಲ್ಪ ಹೊತ್ತು ನೆಲ ನೋಡಿ, "ಕರೀತೀನಿ. ಆದ್ರ ಅಳಿಯನೂ ಇರಬೇಕು" ಅಂದ್ರು. ಯಾಕ ಅಂತ ಎರಡು ಸಲ ಕೇಳಿದೆ. "ಅವನ್ನೇ ಕೇಳ್ರಿ" ಅಂದ್ರು. ಅದಕ್ಕಿಂತ ಮುಂದೆ ನಾನು ಎಳೀಲಿಲ್ಲ.

ನಮ್ಮೂರಾಗ ಈ ಮಾತು ಹೇಳಿದ್ರೆ ಎಲ್ಲರ ತೀರ್ಮಾನ ಒಂದೇ, ರಾತ್ರಿ ಕುಡೀತಾನ. ನನ್ನ ಮನ್ಯಾಕಿನೂ ಅದನ್ನೇ ಅಂದಳು. ಇರಬಹುದು. ಆದ್ರೆ ಯುಗಾದಿಯಿಂದ ಸಂಕ್ರಾಂತಿವರೆಗಿನ ಒಂಬತ್ತು ತಿಂಗಳ ಲೆಕ್ಕ ಇನ್ನೂ ಸಿಕ್ಕಿರಲಿಲ್ಲ. ಇಂಥ ಲೆಕ್ಕ ಗೊತ್ತಿರೋದು ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳಿಗೆ. ಯಾರ ಗಾಡಿ ಯಾರ ಕೈಯಾಗ ಐತಿ, ಕ್ಲಚ್ ಪ್ಲೇಟ್ ಎಷ್ಟು ದಿನಕ್ಕೆ ಸುಡ್ತಾನ, ಎಲ್ಲಾ ಅವರಿಗೆ ಗೊತ್ತಿರ್ತದೆ. ಗಂಗಾವತಿ ರಸ್ತ್ಯಾಗ ನನಗೆ ಗೊತ್ತಿರೋ ಒಬ್ಬ ಮೆಕ್ಯಾನಿಕ್ ಕೇಳಿದ ಕೂಡ್ಲೆ, ಆ ಒಂಬತ್ತು ತಿಂಗಳು ಇಂಥವರ ಹತ್ರ ಇದ್ದ ಅಂತ ಹೇಳಿದ. ನಂಬರೂ ಕೊಟ್ಟ.

ಆ ಮೂರನೇ ಮಾಲೀಕರು ಮಾತ್ರ ಯಾವ ಸಂಕೋಚನೂ ಇಲ್ಲದೆ ಬೈದ್ರು. "ಡೀಸೆಲ್ ಕಳ್ಳ. ಹತ್ರ ಸೇರಿಸಬ್ಯಾಡ್ರಿ." ಇಷ್ಟು ನೇರ ಉತ್ತರ ಸಿಕ್ಕಿತು ಅಂತ ಅಲ್ಲಿಗೇ ಬಿಡೋದೂ ಸರಿಯಲ್ಲ. ಹೊಗಳಿಕೆಗೆ ವಿವರ ಕೇಳೋ ಹಂಗೆ ಬೈಗುಳಕ್ಕೂ ವಿವರ ಕೇಳಬೇಕು. ಎಷ್ಟು ಡೀಸೆಲ್, ಯಾವ ಕೆಲಸಕ್ಕೆ, ಎಷ್ಟು ಎಕರೆಗೆ? ಅವರು ಸಿಟ್ಟಿನಾಗೇ ಲೆಕ್ಕ ಹೇಳಿದ್ರು. ನಾಟಿ ಮುಂಚೆ 6 ಎಕರೆ ಕೆಸರು ಹೊಡಿಯಾಕ 55 ಲೀಟರ್ ಹಾಕಿಸ್ಯಾನ.

ಈ ಲೆಕ್ಕ ನಾವೆಲ್ಲ ಮಾಡಬಲ್ಲೆವು. 6 ಎಕರೆಗೆ 55 ಲೀಟರ್ ಅಂದ್ರೆ ಎಕರೆಗೆ 9 ಲೀಟರ್ ಮೇಲೆ ಚೂರು. ನಮ್ಮ ಎರಿ ಹೊಲದಾಗ ನೀರು ನಿಲ್ಲಿಸಿ ಕೇಜ್ ವೀಲ್‌ನಾಗ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಹೊಡೆದ್ರೆ ಎಕರೆಗೆ ಎರಡು ತಾಸು ಬೇಕು. 45 ಎಚ್‌ಪಿ ಗಾಡಿ ಆ ಕೆಲಸಕ್ಕೆ ತಾಸಿಗೆ ನಾಲ್ಕರಿಂದ ಐದು ಲೀಟರ್ ಕುಡೀತದೆ. ಎಂಟರಿಂದ ಹತ್ತು ಲೀಟರ್ ಅಂದಂಗಾತು. ನನ್ನ ಗಾಡಿಗೂ ಅಷ್ಟೇ ಹಿಡೀತದೆ. ಇದೇ 90 ಲೀಟರ್ ಆಗಿದ್ರೆ ನಾನೂ ಅನುಮಾನ ಪಡ್ತಿದ್ದೆ. "ಒಂದು ಸಲ ಹೊಡೆದನೋ ಎರಡು ಸಲಾನೋ?" ಅಂತ ಕೇಳಿದೆ. "ಎರಡು ಸಲ." "ಮೀಟರ್‌ನಾಗ ತಾಸು ಎಷ್ಟು ಓಡಿತ್ರಿ?" ನೋಡಿಲ್ಲ ಅಂದ್ರು. ಆಮೇಲೆ ಕೇಳಿದೆ, "ಸಂಬಳ ಪೂರ್ತಿ ಕೊಟ್ಟು ಕಳಿಸಿದ್ರೇನ್ರಿ?" ಆ ಕಡೆ ಮೌನ. "ಡೀಸೆಲ್ ದುಡ್ಡು ಮುರ್ಕೊಂಡೆ" ಅಂದ್ರು. ಎಷ್ಟು ಅಂದ್ರೆ ಎರಡು ತಿಂಗಳ ಪಗಾರ. 55 ಲೀಟರ್ ಡೀಸೆಲ್‌ಗೆ ಎರಡು ತಿಂಗಳ ಪಗಾರ ಅಂದ ಮೇಲೆ ಯಾರು ಯಾರ ಹತ್ರ ಕಸಿದ್ರು ಅನ್ನೋದನ್ನ ನೀವೇ ಯೋಚಿಸ್ರಿ. ಅವನು ಆ ಒಂಬತ್ತು ತಿಂಗಳು ಮುಚ್ಚಿಟ್ಟಿದ್ದೂ ಅದಕ್ಕೇ. ಅಲ್ಲಿ ಕೇಳಿದ್ರೆ ಕಳ್ಳ ಅಂತಾರೆ ಅಂತ ಅವನಿಗೆ ಗೊತ್ತಿತ್ತು.

ಕೊನೆಗೆ ಅವನನ್ನೇ ಕರೆಸಿದೆ. ಯಾರು ಏನು ಹೇಳಿದ್ರು ಅಂತ ಹೇಳಲಿಲ್ಲ, ಹೇಳಿದವರ ಮಾತು ನಮ್ಮಲ್ಲೇ ಇರಬೇಕು, ಇಲ್ಲಂದ್ರೆ ಮುಂದೆ ಯಾರೂ ನಮಗೆ ಖರೆ ಹೇಳೋದಿಲ್ಲ. "ರಾತ್ರಿ ಟ್ರಾಲಿ ಒಯ್ಯಾಕ ನಿನಗೇನು ತೊಂದ್ರಿ?" ಅಂತ ಮಾತ್ರ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಎದುರಿಗೆ ಲೈಟ್ ಬಿದ್ರ ಏನೂ ಕಾಣೋದಿಲ್ರಿ ಅಣ್ಣಾರ. ರಸ್ತೆ ಅಂಚು ತಿಳಿಯೋದಿಲ್ಲ. ಹೇಳಿದ್ರ ಕೆಲಸ ಕೊಡೋದಿಲ್ಲ ಯಾರೂ" ಅಂದ. ಹಿರಿಯರ ಗಾಡಿಯನ್ನ ಒಮ್ಮೆ ರಾತ್ರಿ ಕಾಲುವೆ ದಂಡಿವರೆಗೂ ಒಯ್ದು ನಿಲ್ಲಿಸಿದ್ದನಂತೆ. ಟ್ರಾಲಿಯಾಗ 70 ಚೀಲ ಭತ್ತ, ಮೇಲೆ ಇಬ್ಬರು ಹಮಾಲರು. ಯಾರಿಗೂ ಏನೂ ಆಗಿರಲಿಲ್ಲ. ಹಿರಿಯರು ಬೈಯಲಿಲ್ಲ, ಮರುದಿನದಿಂದ ಕೀಲಿ ಅಳಿಯನ ಕೈಗೆ ಕೊಟ್ಟರು ಅಷ್ಟೇ.

75 ಕೆಜಿ ಚೀಲ 70 ಅಂದ್ರೆ ಐದು ಟನ್ ಮೇಲೆ. ಅದು ಕಾಲುವೆಗೆ ಇಳಿದಿದ್ರೆ? "ಚಲೋ ಅದಾನ" ಅನ್ನೋ ಒಂದು ಮಾತಿಗೆ ನಾನು ಕೀಲಿ ಕೊಟ್ಟಿದ್ರೆ ಮೊದಲ ಸುಗ್ಗಿಗೇ ಅವನನ್ನ ರಾತ್ರಿ ಮಿಲ್ಲಿಗೆ ಕಳಿಸ್ತಿದ್ದೆ. "ಕುಡೀತಾನ" ಅಂತ ನಂಬಿದ್ರೆ ಒಳ್ಳೆ ಕೆಲಸಗಾರನ್ನ ಬಾಗಿಲಿನಿಂದಲೇ ಕಳಿಸ್ತಿದ್ದೆ.

ಗಂಗಾವತಿ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋದೆ. ಕಣ್ಣು ತೋರಿಸಿದ್ವಿ. ದೂರದ ದೃಷ್ಟಿಗೆ ಎರಡೂ ಕಣ್ಣಿಗೆ ನಂಬರ್ ಬಂದಿತ್ತು, ಕನ್ನಡಕ ಬರೆದು ಕೊಟ್ಟರು. ಮೂವತ್ತೆಂಟು ವರ್ಷದಾಗ ಯಾರೂ ಅವನ ಕಣ್ಣು ನೋಡಿರಲಿಲ್ಲ. ಸಿಂಧನೂರು ಕಡೆಯವರ 26,000 ನಾನು ಕಟ್ಟಲಿಲ್ಲ. ಅದು ಅವರಿಬ್ಬರ ಲೆಕ್ಕ, ಅವನೇ ತಿಂಗಳಿಗೆ ಇಷ್ಟು ಅಂತ ತೀರಿಸಿದ. ಹೊಲದ ಕೆಲಸ ಎಲ್ಲಾ ಅವನಿಗೆ ಕೊಟ್ಟೆ, ಕತ್ತಲಾದ ಮೇಲೆ ರಸ್ತೆಗೆ ಗಾಡಿ ಇಳಿಸಬಾರದು ಅಂತ ಮೊದಲೇ ಮಾತಾತು. ಕನ್ನಡಕ ಬಂದ ಮೇಲೂ ಅದನ್ನ ಬದಲಿಸಲಿಲ್ಲ. ಸುಗ್ಗ್ಯಾಗ ಭತ್ತ ಮಿಲ್ಲಿಗೆ ಒಯ್ಯಾಕ ಬೆಳಿಗ್ಗೆ ಐದಕ್ಕೆ ಲೋಡ್ ಮಾಡಿಸಿ ಬೆಳಕು ಹರಿದ ಮೇಲೆ ಕಳಿಸ್ತಿದ್ದೆ. ಮಿಲ್ಲಿನಾಗ ಪಾಳಿ ಹಿಂದೆ ಬೀಳ್ತಿತ್ತು, ಅದೊಂದು ಕಿರಿಕಿರಿ ಇತ್ತು.

ಈ ಸಲ ಹೆಂಡ್ತಿ ತವರಿನ ಕಡೆ ಮನೆ ಮಾಡಾಕ ಹೊಂಟಾನ. ಮೊನ್ನೆ ಆ ಕಡೆಯ ಒಬ್ಬ ರೈತರು ನನಗೆ ಫೋನ್ ಮಾಡಿದ್ರು. ಹಗಲು ಹನ್ನೊಂದಕ್ಕೆ. "ಹೆಂಗ ಅದಾನ್ರೀ ಮನುಷ್ಯ?" ಅಂದ್ರು. ರಾತ್ರಿ ಎಂಟರ ಮೇಲೆ ಮಾಡ್ರಿ ಅಂದೆ. ಅಷ್ಟರಾಗ ನಾನು ಅವನ ಮನೆಗೆ ಹೋಗಿ, ಕಣ್ಣಿನ ವಿಷಯ ಹೇಳ್ತೀನಿ, ಕನ್ನಡಕದ ವಿಷಯನೂ ಹೇಳ್ತೀನಿ ಅಂತ ತಿಳಿಸಿ ಬಂದೆ. "ಹೇಳ್ರಿ ಅಣ್ಣಾರ" ಅಂದ. ಅವರು ಎಂಟೂವರೆಗೆ ಮಾಡಿದ್ರು. ಮುಂಗಡ ಬಾಕಿ ಇಲ್ಲ, ಎಕರೆಗೆ ಇಷ್ಟು ಡೀಸೆಲ್, ಕೆಸರಿನಾಗ ಇವನ ಮುಂದೆ ಇನ್ನೊಬ್ಬ ಇಲ್ಲ, ರಾತ್ರಿ ರಸ್ತೆಗೆ ಮಾತ್ರ ಬಿಡಬ್ಯಾಡ್ರಿ, ಕನ್ನಡಕ ಹಾಕ್ಯಾನೋ ಇಲ್ಲೋ ದಿನಾ ನೋಡ್ರಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನೀವು ಯಾಕ ಬಿಡ್ತೀರಿ ಇಂಥವನ್ನ?" ಅಂತ ಕೇಳಿದ್ರು. ಸರಿಯಾದ ಪ್ರಶ್ನೆನೇ. ಅವನ ಮಕ್ಕಳ ಶಾಲೆ ಕಥೆ ಎಲ್ಲಾ ಹೇಳಿದೆ, ಅರ್ಧ ತಾಸು ಮಾತಾತು.